ನಾಮಿನಿಯಾಗಿದ್ದರೂ ತಾಯಿಯ ಠೇವಣಿ ಮುರಿಸಲಾಗದೇಕೆ? ಜಿಪಿಎ, ನಾಮಿನಿ ಮತ್ತು ಜಂಟಿ ಖಾತೆಯ ಮಿತಿಗಳು

ಪ್ರಶ್ನೆ: ನನ್ನ ತಾಯಿಗೆ 79 ವರ್ಷ. ಸಾಗರದಲ್ಲಿ ಸ್ವಂತ ಮನೆಯಲ್ಲಿದ್ದಾರೆ. ತಂದೆ ಅಂಚೆ ಇಲಾಖೆಯಲ್ಲಿದ್ದವರು, ಈಗ ಇಲ್ಲ. ತಾಯಿಗೆ ತಿಂಗಳಿಗೆ 19,000 ರೂಪಾಯಿ ಕುಟುಂಬ ಪಿಂಚಣಿ ಬರುತ್ತದೆ. ಅವರೊಬ್ಬರ ಹೆಸರಿನಲ್ಲಿ 8 ಲಕ್ಷ ಮತ್ತು 6 ಲಕ್ಷದ ಎರಡು ಎಫ್‌ಡಿಗಳಿವೆ. ಮೊದಲನೆಯದಕ್ಕೆ ನಾನೇ ನಾಮಿನಿ, ಎರಡನೆಯದರಲ್ಲಿ ಇನ್ನೂ ತಂದೆಯ ಹೆಸರೇ ಇದೆ. ಮೂರು ತಿಂಗಳ ಹಿಂದೆ ತಾಯಿ ಬಿದ್ದು ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದಾಗ, ನಾಮಿನಿಯಾದ ನನಗೆ ಎಫ್‌ಡಿ ಮುರಿಸಲು ಬ್ಯಾಂಕು ಬಿಡಲಿಲ್ಲ. ಈಗ ಮನೆಗೆ ಬಂದಿದ್ದಾರೆ, ಮಾತು ಸ್ಪಷ್ಟವಾಗಿದೆ; ಆದರೆ ಮರೆವಿನ ಕಾಯಿಲೆ ಆರಂಭವಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಒಂದು ಜಿಪಿಎ ಮಾಡಿಸಿಕೊಂಡರೆ ಮುಂದೆ ಎಲ್ಲವನ್ನೂ ನಾನೇ ನೋಡಿಕೊಳ್ಳಬಹುದೇ? ಮೈಸೂರಿನಲ್ಲಿರುವ ನನ್ನ ತಂಗಿಗೆ ನಾಮಿನಿಯಲ್ಲದ ಕಾರಣ ಹಣದಲ್ಲಿ ಹಕ್ಕಿಲ್ಲವೇ?

ಉತ್ತರ: ನಾಮಿನಿಗೆ ಇರುವ ಅಧಿಕಾರ ಖಾತೆದಾರರು ತೀರಿಕೊಂಡ ನಂತರ ಹುಟ್ಟುವಂಥದು. ನಿಮ್ಮ ತಾಯಿಯವರು ಬದುಕಿರುವವರೆಗೆ ಆ ಠೇವಣಿಯ ಮಟ್ಟಿಗೆ ನೀವು ಬ್ಯಾಂಕಿಗೆ ಹೊರಗಿನವರೇ. ಆದ್ದರಿಂದ ಬ್ಯಾಂಕು ನಿಮ್ಮ ಸಹಿಯ ಮೇಲೆ ಹಣ ಕೊಡದೆ ಇದ್ದದ್ದು ಕಾನೂನಿನಂತೆ ಸರಿಯೇ. ಆದರೆ ಅಲ್ಲಿಗೇ ನಿಲ್ಲಿಸಿದ್ದು ಸರಿಯಲ್ಲ. ಖಾತೆದಾರರು ಕಾಯಿಲೆಯಿಂದ ಸಹಿ ಹಾಕಲಾಗದ ಅಥವಾ ಶಾಖೆಗೆ ಬರಲಾಗದ ಸ್ಥಿತಿಯಲ್ಲಿದ್ದಾಗ ಏನು ಮಾಡಬೇಕೆಂದು ರಿಸರ್ವ್ ಬ್ಯಾಂಕು ಬಹಳ ಹಿಂದೆಯೇ ಸೂಚನೆ ಕೊಟ್ಟಿದೆ. ಹೆಬ್ಬೆಟ್ಟಿನ ಅಥವಾ ಕಾಲ್ಬೆರಳಿನ ಗುರುತನ್ನು ಪಡೆಯಬಹುದು. ಬ್ಯಾಂಕಿಗೆ ಪರಿಚಯವಿರುವ ಇಬ್ಬರು ಸ್ವತಂತ್ರ ಸಾಕ್ಷಿಗಳು ಅದನ್ನು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಹೆಬ್ಬೆಟ್ಟು ಒತ್ತುವುದೂ ಸಾಧ್ಯವಿಲ್ಲದಿದ್ದರೆ ಯಾವುದಾದರೊಂದು ಗುರುತು ಹಾಕಿಸಿಕೊಂಡು ಇದೇ ಬಗೆಯ ಸಾಕ್ಷಿಯೊಂದಿಗೆ ಹಣ ಕೊಡಬಹುದು, ಮತ್ತು ಆ ಹಣವನ್ನು ಯಾರ ಕೈಗೆ ಕೊಡಬೇಕೆಂದು ಖಾತೆದಾರರೇ ಸೂಚಿಸಬಹುದು. ಅಂದರೆ ನಿಮ್ಮ ತಾಯಿಯವರು ಆಸ್ಪತ್ರೆಯ ಹಾಸಿಗೆಯಲ್ಲಿದ್ದರೂ ಅವರಿಗೆ ಪ್ರಜ್ಞೆ ಇದ್ದು, ವಿಷಯ ಅರ್ಥವಾಗುತ್ತಿದ್ದ ಕಾರಣ, ಒಬ್ಬ ಅಧಿಕಾರಿ ಆಸ್ಪತ್ರೆಗೆ ಬಂದಿದ್ದರೆ ಠೇವಣಿಯನ್ನು ಅವರ ಗುರುತಿನ ಮೇಲೆಯೇ ಮುರಿಸಬಹುದಿತ್ತು. 70 ವರ್ಷ ದಾಟಿದವರಿಗೆ ಮನೆಬಾಗಿಲಿನ ಸೇವೆ ಕೊಡಬೇಕೆಂದು 2017ರ ನವೆಂಬರಿನ ಸುತ್ತೋಲೆಯೂ ಇದೆ. ಮುಂದೆ ಅಂಥ ಸಂದರ್ಭ ಬಂದರೆ ಬಾಯಿಮಾತಿನಲ್ಲಿ ಕೇಳಿ ಹಿಂತಿರುಗಬೇಡಿ. ವೈದ್ಯರ ಪತ್ರವನ್ನು ಲಗತ್ತಿಸಿ ಶಾಖಾ ವ್ಯವಸ್ಥಾಪಕರಿಗೆ ಲಿಖಿತ ಮನವಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಆದರೆ ಈ ಮಾರ್ಗವೆಲ್ಲ ದೇಹ ಸೋತು ಮನಸ್ಸು ಗಟ್ಟಿಯಾಗಿರುವವರಿಗೆ. ನಿಮ್ಮ ಪ್ರಶ್ನೆಯ ನಿಜವಾದ ತೊಡಕು ಇರುವುದು ವೈದ್ಯರು ಹೇಳಿದ ಆ ಮರೆವಿನ ಕಾಯಿಲೆಯಲ್ಲಿ, ಮತ್ತು ಜಿಪಿಎ ಒಂದಿದ್ದರೆ ಸಾಕು ಎಂಬ ನಿಮ್ಮ ನಂಬಿಕೆಯಲ್ಲಿ.

ಜಿಪಿಎ ಎಂಬುದು ಸಾಮಾನ್ಯ ಅಧಿಕಾರಪತ್ರ. ಅಧಿಕಾರಪತ್ರವೆಂದರೆ ಒಬ್ಬರು ತಾವು ಮಾಡಬಹುದಾದ ಕೆಲಸವನ್ನು ತಮ್ಮ ಪರವಾಗಿ ಮಾಡಲು ಇನ್ನೊಬ್ಬರನ್ನು ನೇಮಿಸುವುದು. ಕೊಟ್ಟವರಿಗೆ ಇರುವಷ್ಟೇ ಶಕ್ತಿ ಪಡೆದವರಿಗೆ ಇರುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಚಿತ್ತಸ್ವಾಸ್ಥ್ಯ ಕಳೆದುಕೊಂಡರೆ ಆ ಅಧಿಕಾರವೂ ಅಲ್ಲಿಗೆ ಮುಗಿಯುತ್ತದೆ. ಕೆಲವು ದೇಶಗಳಲ್ಲಿ ಕೊಟ್ಟವರ ಬುದ್ಧಿಶಕ್ತಿ ಕುಂದಿದ ಮೇಲೂ ಮುಂದುವರಿಯುವ ಅಧಿಕಾರಪತ್ರವನ್ನು ಕಾನೂನೇ ಒಪ್ಪಿದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ‘ನನಗೆ ಮರೆವು ಬಂದ ಮೇಲೂ ಈ ಪತ್ರ ಜಾರಿಯಲ್ಲಿರತಕ್ಕದ್ದು’ ಎಂದು ಬರೆಸಿದರೂ ಆ ಸಾಲನ್ನು ನಂಬಿ ಬ್ಯಾಂಕು ಹಣ ಕೊಡಬೇಕೆಂದೇನೂ ಇಲ್ಲ. ಪಡೆದವರಿಗೆ ಆ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರುವ ಅಧಿಕಾರಪತ್ರಕ್ಕೆ 202ನೇ ಕಲಮಿನಲ್ಲಿ ಒಂದು ಅಪವಾದವಿದೆ. ಅದು ಸಾಲ ಕೊಟ್ಟವರು ತಮ್ಮ ಬಾಕಿಯ ವಸೂಲಿಗಾಗಿ ಪಡೆದ ಅಧಿಕಾರದಂಥ ಸಂದರ್ಭಕ್ಕೆ ಸಂಬಂಧಿಸಿದ್ದು. ತಾಯಿಯ ಹಣವನ್ನು ತಾಯಿಗಾಗಿ ನೋಡಿಕೊಳ್ಳುವ ಮಗನಿಗೆ ಅದು ಅನ್ವಯಿಸುವುದಿಲ್ಲ.

ಹೀಗಾಗಿ ಜಿಪಿಎ ನಡೆಯುವುದು ತಾಯಿಯವರ ಬುದ್ಧಿ ತಿಳಿಯಾಗಿರುವವರೆಗೆ, ನಾಮಿನಿಯ ಹಕ್ಕು ಆರಂಭವಾಗುವುದು ಅವರ ಕಾಲಾನಂತರ. ಮರೆವಿನ ಕಾಯಿಲೆ ಬಲಿತು ಅವರಿಗೆ ಏನೂ ತಿಳಿಯದಂತಾಗುವ ವರ್ಷಗಳು ಈ ಎರಡರ ನಡುವೆ ಬೀಳುತ್ತವೆ, ಮತ್ತು ಅತಿ ಹೆಚ್ಚು ಖರ್ಚು ಬರುವುದೂ ಆಗಲೇ. ನೀವು ಈಗ ಮಾಡಬೇಕಾದ ಏರ್ಪಾಡು ಮುಖ್ಯವಾಗಿ ಆ ವರ್ಷಗಳಿಗಾಗಿ. ಅದನ್ನು ಮಾಡಬಲ್ಲವರು ನಿಮ್ಮ ತಾಯಿಯವರೊಬ್ಬರೇ, ಅದೂ ಈಗ ಮಾತ್ರ.

ಮರೆವಿನ ಕಾಯಿಲೆ ಎಂದು ವೈದ್ಯರು ಬರೆದ ಮಾತ್ರಕ್ಕೆ ಅವರು ದಸ್ತಾವೇಜಿಗೆ ಸಹಿ ಹಾಕುವ ಅರ್ಹತೆ ಕಳೆದುಕೊಂಡರೆಂದು ತಿಳಿಯಬೇಡಿ. ಅದೇ ಕರಾರು ಕಾಯ್ದೆಯ 12ನೇ ಕಲಮು ನೋಡುವುದು ಸಹಿ ಹಾಕುವ ಹೊತ್ತಿನ ಸ್ಥಿತಿಯನ್ನು: ಆ ಹೊತ್ತಿನಲ್ಲಿ ಅವರಿಗೆ ವಿಷಯ ಅರ್ಥವಾಗಬೇಕು, ಅದರಿಂದ ತಮ್ಮ ಹಿತಕ್ಕೆ ಏನಾಗುತ್ತದೆಂದು ವಿವೇಚಿಸುವ ಶಕ್ತಿ ಇರಬೇಕು. ಸಾಮಾನ್ಯವಾಗಿ ಸ್ವಸ್ಥಚಿತ್ತರಲ್ಲದವರು ಕೂಡ ತಿಳಿವು ಇರುವ ಗಳಿಗೆಯಲ್ಲಿ ಕರಾರು ಮಾಡಿಕೊಳ್ಳಬಹುದೆಂದು ಆ ಕಲಮೇ ಹೇಳುತ್ತದೆ. ಆದರೆ ಅದನ್ನು ಮುಂದೆ ಯಾರಾದರೂ ಪ್ರಶ್ನಿಸಿದಾಗ ತೋರಿಸಲು ಪುರಾವೆ ಬೇಕು. ಅವರಿಗೆ ಚಿಕಿತ್ಸೆ ಕೊಡುತ್ತಿರುವ ನರರೋಗ ಅಥವಾ ಮನೋರೋಗ ತಜ್ಞರಿಂದ, ಸಹಿಯ ದಿನವೇ ಅಥವಾ ಅದಕ್ಕೆ ತೀರ ಹತ್ತಿರದ ದಿನ, ಪ್ರಮಾಣಪತ್ರ ಪಡೆಯಿರಿ. ‘ಆರೋಗ್ಯವಾಗಿದ್ದಾರೆ’ ಎಂಬ ಒಂದು ಸಾಲಿನ ಪತ್ರದಿಂದ ಹೆಚ್ಚು ಉಪಯೋಗವಿಲ್ಲ. ತಮ್ಮ ಹೆಸರಿನಲ್ಲಿ ಯಾವ ಖಾತೆಗಳಿವೆ, ಯಾರಿಗೆ ಯಾವ ಅಧಿಕಾರ ಕೊಡುತ್ತಿದ್ದೇನೆ, ಅದನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬುದನ್ನು ಅವರು ತಮ್ಮ ಮಾತಿನಲ್ಲಿ ಹೇಳಬಲ್ಲರೆಂದು ವೈದ್ಯರು ಬರೆಯಬೇಕು. ವೈದ್ಯರು ಮತ್ತು ವಕೀಲರು ಅವರೊಂದಿಗೆ ಮಾತನಾಡುವಾಗ ನೀವು ಕೋಣೆಯಿಂದ ಹೊರಗಿರುವುದು ಲೇಸು. ಇದನ್ನು ಅವಮಾನವೆಂದು ಭಾವಿಸಬೇಡಿ. ಮಗ ಒತ್ತಾಯ ಮಾಡಿದನೆಂಬ ಆರೋಪದಿಂದ ಮುಂದೆ ನಿಮ್ಮನ್ನು ಕಾಪಾಡುವುದು ಅದೇ.

ಅಧಿಕಾರಪತ್ರವನ್ನು ಎಲ್ಲಿ ದೃಢೀಕರಿಸಬೇಕೆಂಬುದು ಅದರಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಬರೀ ಬ್ಯಾಂಕ್ ವ್ಯವಹಾರಕ್ಕಾದರೆ ನೋಂದಣಿ ಮಾಡಿಸಲೇಬೇಕೆಂಬ ನಿಯಮವಿಲ್ಲ, ನೋಟರಿಯ ಮುಂದೆ ಸಹಿ ಮಾಡಿದರೂ ನಡೆಯುತ್ತದೆ. ಆದರೂ ಎಷ್ಟೋ ಶಾಖೆಗಳು ನೋಂದಾಯಿತ ಪತ್ರವನ್ನೇ ಕೇಳುತ್ತವೆ, ಮತ್ತು ನಿಮ್ಮಂಥ ಪ್ರಕರಣದಲ್ಲಿ ನನ್ನ ಸಲಹೆಯೂ ಅದೇ, ಏಕೆಂದರೆ ತಾಯಿಯವರು ಒಬ್ಬ ಸರ್ಕಾರಿ ಅಧಿಕಾರಿಯ ಮುಂದೆ ಹಾಜರಾಗಿ ಒಪ್ಪಿಕೊಂಡ ದಾಖಲೆ ಉಳಿಯುತ್ತದೆ. ಸೊಂಟದ ಮೂಳೆ ಮುರಿದವರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿಸಬೇಕಾಗಿಲ್ಲ. 1908ರ ನೋಂದಣಿ ಕಾಯ್ದೆಯಲ್ಲಿ ದೇಹದ ಅಸಹಾಯಕತೆ ಇರುವವರಿಗೆ ಹಾಜರಾತಿಯಿಂದ ವಿನಾಯಿತಿ ಇದೆ; ವೈದ್ಯರ ಪತ್ರದೊಂದಿಗೆ ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಿದರೆ ಅಧಿಕಾರಿ ಮನೆಗೇ ಬಂದು ಕೆಲಸ ಪೂರೈಸಲು ಅವಕಾಶವಿದೆ. ಮುದ್ರಾಂಕ ಶುಲ್ಕ ಅಧಿಕಾರದ ಸ್ವರೂಪದ ಮೇಲೆ ಬದಲಾಗುತ್ತದೆ. ಆ ದಿನದ ದರವನ್ನು ಅದೇ ಕಚೇರಿಯಲ್ಲಿ ವಿಚಾರಿಸಿಯೇ ಕಾಗದ ಕೊಳ್ಳಿ.

ಬರವಣಿಗೆಯ ವಿಷಯದಲ್ಲಿ ಒಂದು ಎಚ್ಚರ. ಟೈಪಿಂಗ್ ಅಂಗಡಿಯಲ್ಲಿ ಸಿಗುವ ಸಿದ್ಧ ಜಿಪಿಎ ನಮೂನೆಯಲ್ಲಿ ಮನೆ ಮಾರುವುದರಿಂದ ಮೊಕದ್ದಮೆ ಹೂಡುವವರೆಗೆ ಎಲ್ಲವೂ ಇರುತ್ತದೆ, ಆದರೆ ಬ್ಯಾಂಕಿಗೆ ಬೇಕಾದ ಸಾಲು ಇರುವುದಿಲ್ಲ. ಅಧಿಕಾರಪತ್ರವನ್ನು ಬ್ಯಾಂಕೂ ನ್ಯಾಯಾಲಯವೂ ಬಿಗಿಯಾಗಿ ಓದುತ್ತವೆ. ‘ನನ್ನ ಬ್ಯಾಂಕ್ ವ್ಯವಹಾರಗಳನ್ನು ನೋಡಿಕೊಳ್ಳತಕ್ಕದ್ದು’ ಎಂದಷ್ಟೇ ಇದ್ದರೆ ಠೇವಣಿಯನ್ನು ಅವಧಿಗೆ ಮುನ್ನ ಮುರಿಸುವ ಅಧಿಕಾರ ಅದರಲ್ಲಿ ಇಲ್ಲವೆಂದು ಹಿಂದಕ್ಕೆ ಕಳಿಸಬಹುದು. ಆದ್ದರಿಂದ ಬ್ಯಾಂಕಿನ, ಶಾಖೆಯ, ಖಾತೆಯ, ಠೇವಣಿಯ ಸಂಖ್ಯೆಗಳನ್ನು ಹೆಸರಿಸಿ, ಹಣ ತೆಗೆಯುವುದು, ಠೇವಣಿ ನವೀಕರಿಸುವುದು, ಅವಧಿಗೆ ಮುನ್ನ ಮುಕ್ತಾಯಗೊಳಿಸುವುದು, ಲಾಕರ್ ಇದ್ದರೆ ಅದನ್ನು ತೆರೆಯುವುದು, ಬಾಡಿಗೆ ವಸೂಲು ಮಾಡುವುದು, ಆಸ್ಪತ್ರೆಗೂ ವಿಮಾ ಕಂಪನಿಗೂ ಕಾಗದಪತ್ರ ಸಲ್ಲಿಸುವುದು ಎಂದು ಒಂದೊಂದಾಗಿ ಬರೆಸಿ. ಮುರಿಸಿದ ಠೇವಣಿಯ ಹಣ ತಾಯಿಯವರ ಖಾತೆಗೇ ಜಮೆಯಾಗಬೇಕೆಂಬ ಷರತ್ತನ್ನೂ ಸೇರಿಸಿ. ಮನೆ ಮಾರುವ, ದಾನ ಕೊಡುವ, ಅಡವಿಡುವ ಅಧಿಕಾರ ನಿಮಗೆ ಬೇಕಿಲ್ಲದಿದ್ದರೆ, ಅದಿಲ್ಲವೆಂದು ಸ್ಪಷ್ಟವಾಗಿ ನಮೂದಿಸಿ; ನಿಮ್ಮ ತಂಗಿಗೆ ಇದರಿಂದ ಬರುವ ನೆಮ್ಮದಿ ಬೇರೆ ಯಾವ ಮಾತಿನಿಂದಲೂ ಬರುವುದಿಲ್ಲ. ಸಾಧ್ಯವಾದರೆ ತಂಗಿಯನ್ನೂ ಅದೇ ಪತ್ರದಲ್ಲಿ ನೇಮಿಸಿ, ಇಬ್ಬರಲ್ಲಿ ಯಾರೊಬ್ಬರಾದರೂ ನಡೆಸಬಹುದೆಂದು ಬರೆಸುವುದು ಉತ್ತಮ. ಏಕೆಂದರೆ ನೀವು ಹಾಸಿಗೆ ಹಿಡಿದ ದಿನ ನಿಮ್ಮ ಅಧಿಕಾರವನ್ನು ನೀವೇ ಇನ್ನೊಬ್ಬರಿಗೆ ವಹಿಸಿಕೊಡಲು ಸಾಮಾನ್ಯವಾಗಿ ಬರುವುದಿಲ್ಲ.

ಪತ್ರ ಕೈಗೆ ಬಂದ ಮೇಲೆ ಬೀರುವಿನಲ್ಲಿಟ್ಟು ಕಷ್ಟ ಬಂದ ದಿನ ಹೊರತೆಗೆಯುವವರು ಬಹಳ. ಬ್ಯಾಂಕು ಅದನ್ನು ತನ್ನ ಕಾನೂನು ವಿಭಾಗಕ್ಕೆ ಕಳಿಸಿ, ಪರಿಶೀಲಿಸಿ, ದಾಖಲಿಸಿಕೊಳ್ಳಲು ಸಮಯ ಹಿಡಿಯುತ್ತದೆ. ಆಸ್ಪತ್ರೆ ಮುಂಗಡ ಕೇಳುವ ದಿನ ಆ ಸಮಯ ನಿಮ್ಮ ಬಳಿ ಇರುವುದಿಲ್ಲ. ಮೂಲಪತ್ರವನ್ನು ತೋರಿಸಿ, ದೃಢೀಕೃತ ಪ್ರತಿಯನ್ನು ಕೊಟ್ಟು, ನಿಮ್ಮ ಕೆವೈಸಿ ಮತ್ತು ಮಾದರಿ ಸಹಿಯನ್ನು ಸಲ್ಲಿಸಿ, ಒಮ್ಮೆ ಸಣ್ಣ ಮೊತ್ತವನ್ನಾದರೂ ಅದರ ಮೇಲೆ ತೆಗೆದು ನೋಡಿ. ಕೆಲವು ಬ್ಯಾಂಕುಗಳು ತಮ್ಮದೇ ನಮೂನೆಯಲ್ಲಿ ಬೇಕೆನ್ನುತ್ತವೆ. ಹಾಗಿದ್ದರೆ ಕರಡು ಬರೆಸುವ ಮುನ್ನವೇ ಅದನ್ನು ಕೇಳಿ ತರಬೇಕು.

ಇನ್ನು ನಡುವಿನ ಆ ವರ್ಷಗಳಿಗೆ ಬರೋಣ. ಅಲ್ಲಿ ಉಪಯೋಗಕ್ಕೆ ಬರುವುದು ಜಂಟಿ ಖಾತೆ, ಆದರೆ ಎಲ್ಲ ಬಗೆಯ ಜಂಟಿ ಖಾತೆಯೂ ಅಲ್ಲ. ‘ಮೊದಲನೆಯವರು ಅಥವಾ ಉಳಿದವರು’ ಎಂಬ ಬಗೆಯಲ್ಲಿ ಮೊದಲ ಖಾತೆದಾರರು ಬದುಕಿರುವವರೆಗೆ ಅವರೊಬ್ಬರೇ ನಡೆಸಬೇಕಾದ್ದರಿಂದ ಅದು ನಿಮಗೆ ಪ್ರಯೋಜನವಿಲ್ಲ. ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬುದರಲ್ಲಿ ನೀವು ನಿಮ್ಮ ಸ್ವಂತ ಸಹಿಯಿಂದ, ಖಾತೆದಾರರಾಗಿಯೇ ನಡೆಸುತ್ತೀರಿ. ಇಲ್ಲಿ ನೀವು ತಾಯಿಯವರ ಪ್ರತಿನಿಧಿಯಾಗಿ ನಿಂತಿರುವುದಿಲ್ಲವಾದ್ದರಿಂದ, ಯಾರೂ ತಕರಾರು ಎತ್ತದಿದ್ದರೆ, ಅವರ ನೆನಪು ಕುಂದಿದ ನಂತರವೂ ಉಳಿತಾಯ ಖಾತೆಯ ವಹಿವಾಟು ಸಾಮಾನ್ಯವಾಗಿ ನಿಲ್ಲುವುದಿಲ್ಲ.

ಆದರೆ ಇದನ್ನು ಪಿಂಚಣಿ ಬರುವ ಖಾತೆಗೆ ಮಾಡಲು ಹೋಗಬೇಡಿ. ಕೇಂದ್ರ ಸರ್ಕಾರದ ಪಿಂಚಣಿಯ ಜಂಟಿ ಖಾತೆಗೆ ಅವಕಾಶವಿರುವುದು ಪತಿ ಅಥವಾ ಪತ್ನಿಯೊಂದಿಗೆ, ಮಕ್ಕಳೊಂದಿಗೆ ಅಲ್ಲ. ನಿಮ್ಮ ತಂದೆಯವರು ಅಂಚೆ ಇಲಾಖೆಯವರಾದ್ದರಿಂದ ತಾಯಿಯವರ ಕುಟುಂಬ ಪಿಂಚಣಿಯೂ ಆ ವರ್ಗದ್ದೇ. ಆ ಖಾತೆ ಅವರೊಬ್ಬರ ಹೆಸರಿನಲ್ಲೇ ಇರಲಿ. ಬೇರೊಂದು ಉಳಿತಾಯ ಖಾತೆಯನ್ನು ತಾಯಿಯವರ ಹೆಸರು ಮೊದಲು ಬರುವಂತೆ ನಿಮ್ಮೊಂದಿಗೆ ಜಂಟಿಯಾಗಿ ತೆರೆದು, ಪಿಂಚಣಿ ಖಾತೆಯಿಂದ ಪ್ರತಿ ತಿಂಗಳು ಇಂತಿಷ್ಟು ಹಣ ಅಲ್ಲಿಗೆ ತಾನಾಗಿ ವರ್ಗವಾಗುವಂತೆ ತಾಯಿಯವರೇ ಲಿಖಿತ ಸೂಚನೆ ಕೊಡಲಿ.

ಎಫ್‌ಡಿಗಳ ವಿಷಯದಲ್ಲಿ ಹೆಚ್ಚಿನವರು ಎಡವುವ ಜಾಗ ಬೇರೆಯೇ ಇದೆ. ಒಬ್ಬರ ಹೆಸರಿನಲ್ಲಿರುವ ಠೇವಣಿಗೆ, ಅದನ್ನು ಮುರಿಸದೆ, ಮೊತ್ತವನ್ನೂ ಅವಧಿಯನ್ನೂ ಬದಲಿಸದೆ ಇನ್ನೊಂದು ಹೆಸರು ಸೇರಿಸಲು ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಅವಕಾಶವಿದೆ. ಹಾಗೆ ‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂದು ಮಾಡಿಸಿದ ಮೇಲೆ ಎಲ್ಲವೂ ಕೈಯಲ್ಲಿದೆ ಎಂದುಕೊಳ್ಳುತ್ತಾರೆ. ಅವಧಿ ಮುಗಿದ ದಿನ ಒಬ್ಬರ ಸಹಿ ಸಾಕು, ನಿಜ. ಆದರೆ ಅವಧಿಗೆ ಮುನ್ನ ಮುರಿಸಬೇಕಾದರೆ ಇಬ್ಬರೂ ಬದುಕಿರುವಾಗ ಬ್ಯಾಂಕು ಇಬ್ಬರ ಸಹಿಯನ್ನೂ ಕೇಳಬಹುದು, ಕೇಳುತ್ತದೆ. ತಾಯಿಯವರು ಸಹಿಯ ಅರ್ಥ ತಿಳಿಯದ ಸ್ಥಿತಿಗೆ ಬಂದಿದ್ದರೆ ಅಲ್ಲಿಗೆ ದಾರಿ ಮುಚ್ಚಿತು. ಐದು ವರ್ಷಕ್ಕೆಂದು ಇಟ್ಟ ಒಂದೇ ದೊಡ್ಡ ಠೇವಣಿ ಜಂಟಿಯಾಗಿದ್ದರೂ ಕೈಗೆ ಸಿಗದಂತಾಗುವುದು ಹೀಗೆ. ಸ್ವಯಂ ನವೀಕರಣದ ಸೂಚನೆ ಇದ್ದರಂತೂ ಅವಧಿ ಮುಗಿದ ದಿನ ಗೊತ್ತಾಗದೆ ಕಳೆದು, ಹಣ ಮತ್ತೆ ಅಷ್ಟೇ ವರ್ಷಕ್ಕೆ ಕಟ್ಟುಬೀಳುತ್ತದೆ.

ಇದಕ್ಕೆ ಉಪಾಯ ಮುರಿಸುವ ಅಗತ್ಯವೇ ಬರದಂತೆ ಠೇವಣಿಗಳನ್ನು ಜೋಡಿಸುವುದು. ನಿಮ್ಮ ತಾಯಿಯವರ ಲೆಕ್ಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನೋಡಿಕೊಳ್ಳುವವರ ಸಂಬಳ, ಔಷಧ, ಮನೆಖರ್ಚು ಸೇರಿ ತಿಂಗಳಿಗೆ 28,000 ರೂಪಾಯಿ ಬೇಕೆಂದುಕೊಳ್ಳಿ. ಪಿಂಚಣಿಯ 19,000 ಕಳೆದರೆ ತಿಂಗಳಿಗೆ 9,000, ವರ್ಷಕ್ಕೆ 1,08,000 ರೂಪಾಯಿ ಕೊರತೆ. 6 ಲಕ್ಷದ ಠೇವಣಿಯ ಅವಧಿ ಇನ್ನು ನಾಲ್ಕು ತಿಂಗಳಿಗೆ ಮುಗಿಯುವುದಾದರೆ, ಅದಕ್ಕೆ ಈಗಲೇ ನಿಮ್ಮ ಹೆಸರು ಸೇರಿಸಿ, ಸ್ವಯಂ ನವೀಕರಣ ತೆಗೆಸಿ, ಅವಧಿ ಮುಗಿದಾಗ ಜಂಟಿ ಉಳಿತಾಯ ಖಾತೆಗೆ ಜಮೆಯಾಗುವಂತೆ ಸೂಚನೆ ಕೊಡಿಸಿ. ಆ ಹಣ ಬಂದಾಗ ತಲಾ 1 ಲಕ್ಷದ ಆರು ಜಂಟಿ ಠೇವಣಿಗಳನ್ನು, ಆರು ತಿಂಗಳಿಗೊಂದರಂತೆ ಅವಧಿ ಮುಗಿಯುವ ಹಾಗೆ ಮೂರು ವರ್ಷಕ್ಕೆ ಹರಡಿ ಇಡಿ. ವರ್ಷಕ್ಕೆ ಎರಡು ಠೇವಣಿಗಳು, ಅಂದರೆ 2 ಲಕ್ಷ ಮತ್ತು ಅದರ ಬಡ್ಡಿ, ಯಾರ ಸಹಿಯೂ ಬೇಡದೆ ಜಂಟಿ ಖಾತೆಗೆ ಬಂದು ಬೀಳುತ್ತದೆ. 1,08,000ದ ಕೊರತೆ ತುಂಬಿ, ವರ್ಷಕ್ಕೆ 92,000 ರೂಪಾಯಿ ತುರ್ತಿಗೆಂದು ಉಳಿಯುತ್ತದೆ. 8 ಲಕ್ಷದ ಠೇವಣಿಗೂ ಹೆಸರು ಸೇರಿಸಿ, ಅವಧಿ ಮುಗಿದಾಗ ಜಂಟಿ ಖಾತೆಗೆ ಬರುವಂತೆ ಮಾಡಿಡಿ. ಅದರ ಅವಧಿ ಇನ್ನೂ ಮೂರ್ನಾಲ್ಕು ವರ್ಷವಿದ್ದರೆ ಮಾತ್ರ, ತಾಯಿಯವರು ತಾವೇ ಸಹಿ ಹಾಕಬಲ್ಲ ಈಗ ಅದನ್ನು ಮುರಿಸಿ ಎರಡು ಮೂರು ಭಾಗ ಮಾಡುವುದನ್ನು ಯೋಚಿಸಿ. ಬಡ್ಡಿಯಲ್ಲಿ ಆಗುವ ನಷ್ಟ ಸಾಮಾನ್ಯವಾಗಿ ಶೇಕಡಾ ಅರ್ಧದಿಂದ ಒಂದರಷ್ಟು.

ತಾಯಿಯವರ ಹೆಸರನ್ನೇ ಮೊದಲಿಡಿ ಎಂದು ಹೇಳಲು ಕಾರಣವಿದೆ. ಹಿರಿಯ ನಾಗರಿಕರ ಹೆಚ್ಚಿನ ಬಡ್ಡಿ ದರ ಮುಂದುವರಿಯುವುದು ಮತ್ತು ಬಡ್ಡಿ ಅವರ ಆದಾಯವಾಗಿಯೇ ಲೆಕ್ಕಕ್ಕೆ ಬರುವುದು ಆಗಲೇ. ಜಂಟಿ ಖಾತೆಯಲ್ಲಿ ಅಪಾಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನೀವು ಮನಸ್ಸು ಮಾಡಿದರೆ ಪೂರ್ತಿ ಹಣವನ್ನೂ ತೆಗೆಯಬಹುದು; ನಿಮ್ಮ ಮೇಲೆ ಸಾಲದ ವಸೂಲಿ ಬಂದರೆ ಆ ಖಾತೆಯ ತನಕವೂ ಅದು ಬಂದು, ಹಣ ತಾಯಿಯವರದೆಂದು ನೀವು ಸಾಬೀತು ಮಾಡುತ್ತ ಕೂರಬೇಕಾಗಬಹುದು. ನಿಮಗೆ ವ್ಯಾಪಾರದ ಸಾಲಗಳಿದ್ದರೆ ಜಂಟಿ ಹೆಸರು ತಂಗಿಯದಾಗಿರುವುದು ಹೆಚ್ಚು ಕ್ಷೇಮ.

ನಾಮಿನಿಯ ವಿಷಯಕ್ಕೆ ಬಂದರೆ, 6 ಲಕ್ಷದ ಠೇವಣಿಯಲ್ಲಿ ದಿವಂಗತರ ಹೆಸರು ಇರುವುದೆಂದರೆ ನಾಮನಿರ್ದೇಶನವೇ ಇಲ್ಲದಂತೆ. ಅದನ್ನು ಬದಲಿಸಲು ತಾಯಿಯವರ ಸಹಿ ಸಾಕು, ಸಾಕ್ಷಿ ಬೇಕಿಲ್ಲ. ಹೆಬ್ಬೆಟ್ಟು ಒತ್ತುವುದಾದರೆ ಇಬ್ಬರು ಸಾಕ್ಷಿಗಳು ಬೇಕು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಮಾಡಬಹುದು. ಎಲ್ಲರಿಗೂ ಏಕಕಾಲಕ್ಕೆ ಇಂತಿಷ್ಟು ಶೇಕಡಾ ಎಂದು ಒಟ್ಟು ನೂರಾಗುವಂತೆ ಹಂಚಬಹುದು, ಅಥವಾ ಮೊದಲನೆಯವರು ಇಲ್ಲದಿದ್ದರೆ ಎರಡನೆಯವರಿಗೆ ಎಂಬ ಸರದಿಯಲ್ಲಿ ಇಡಬಹುದು. ಲಾಕರಿಗೆ ಮಾತ್ರ ಸರದಿಯ ಬಗೆಯೊಂದೇ ಇದೆ. ಠೇವಣಿ ಜಂಟಿಯಾದ ಮೇಲೆ ನಾಮಿನಿಯ ಪಾಳಿ ಬರುವುದು ಎಲ್ಲ ಖಾತೆದಾರರೂ ತೀರಿಕೊಂಡ ನಂತರವೆಂಬುದು ನೆನಪಿರಲಿ. ಆದ್ದರಿಂದ ನೀವು ಜಂಟಿ ಖಾತೆದಾರರಾದ ಠೇವಣಿಗೆ ನಿಮ್ಮನ್ನೇ ನಾಮಿನಿಯಾಗಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಅಲ್ಲಿ ತಂಗಿಯ ಹೆಸರಿರಲಿ. ಪಿಂಚಣಿ ಖಾತೆ ತಾಯಿಯವರೊಬ್ಬರದೇ ಆಗಿರುವುದರಿಂದ ಅದಕ್ಕೆ ನಿಮ್ಮಿಬ್ಬರನ್ನೂ ತಲಾ ಶೇಕಡಾ 50ರಂತೆ ಹಾಕಿಸಬಹುದು.

ನಿಮ್ಮ ತಂಗಿಯ ಹಕ್ಕಿನ ಬಗ್ಗೆ ಕಾನೂನಿನಲ್ಲಿ ಗೊಂದಲವಿಲ್ಲ. ಬ್ಯಾಂಕ್ ಠೇವಣಿಯ ನಾಮಿನಿ ಹಣವನ್ನು ಬ್ಯಾಂಕಿನಿಂದ ಪಡೆದು ವಾರಸುದಾರರಿಗಾಗಿ ಇಟ್ಟುಕೊಳ್ಳುವವರೇ ಹೊರತು ಮಾಲೀಕರಲ್ಲ ಎಂದು ಸುಪ್ರೀಂ ಕೋರ್ಟು 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ತಾಯಿಯವರು ಉಯಿಲು ಬರೆಯದೆ ಹೋದರೆ ಅವರ ಹಣದಲ್ಲಿ ನಿಮಗೂ ತಂಗಿಗೂ ಸಮಪಾಲು. ನೀವಿಬ್ಬರೇ ಮಕ್ಕಳೆಂದೂ ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮಗೆ ಅನ್ವಯಿಸುತ್ತದೆಂದೂ ಭಾವಿಸಿ ಇದನ್ನು ಹೇಳುತ್ತಿದ್ದೇನೆ. ಜಂಟಿ ಠೇವಣಿಯಲ್ಲಿ ಉಳಿದವರಾಗಿ ನೀವು ಪಡೆಯುವ ಹಣಕ್ಕೂ, ಅದು ಪೂರ್ತಿ ತಾಯಿಯವರದೇ ದುಡ್ಡಾಗಿದ್ದರೆ, ತಂಗಿ ತನ್ನ ಪಾಲು ಕೇಳಬಹುದು. ಬೇರೆ ಬಗೆಯಲ್ಲಿ ಹಂಚಬೇಕೆಂಬುದು ತಾಯಿಯವರ ಇಚ್ಛೆಯಾಗಿದ್ದರೆ ಅದಕ್ಕೆ ಇರುವ ಸಾಧನ ಉಯಿಲು, ನಾಮಿನಿ ಅರ್ಜಿಯಲ್ಲ. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿದ ಉಯಿಲು ಸಿಂಧುವಾಗುತ್ತದೆ, ಮತ್ತು ಅಧಿಕಾರಪತ್ರಕ್ಕೆಂದು ವೈದ್ಯರೂ ವಕೀಲರೂ ಮನೆಗೆ ಬಂದ ದಿನವೇ ಅದನ್ನೂ ಮುಗಿಸಬಹುದು. ಮೇಲಿನ ಏರ್ಪಾಡುಗಳನ್ನೆಲ್ಲ ತಂಗಿಗೆ ಮೊದಲೇ ತಿಳಿಸಿ, ಕಾಗದಗಳ ಪ್ರತಿ ಕಳಿಸಿಕೊಡಿ. ಅಧಿಕಾರಪತ್ರ ಪಡೆದವರು ಕೇಳಿದಾಗ ಲೆಕ್ಕ ಒಪ್ಪಿಸಬೇಕೆಂಬುದು ಕರಾರು ಕಾಯ್ದೆಯ 213ನೇ ಕಲಮು ಹೊರಿಸಿದ ಹೊಣೆ. ನೋಡಿಕೊಳ್ಳುವವರ ಸಂಬಳವನ್ನೂ ಆದಷ್ಟು ಬ್ಯಾಂಕಿನ ಮೂಲಕವೇ ಕೊಟ್ಟರೆ ಪಾಸ್‌ಪುಸ್ತಕವೇ ಲೆಕ್ಕದ ಪುಸ್ತಕವಾಗುತ್ತದೆ.

ಇಷ್ಟು ಮಾಡಿಟ್ಟರೂ, ತಾಯಿಯವರ ತಿಳಿವು ಪೂರ್ತಿ ಹೋದ ಮೇಲೆ ಮನೆ ಮಾರಿಯೇ ಚಿಕಿತ್ಸೆ ಮಾಡಿಸಬೇಕಾದಂಥ ಸಂದರ್ಭ ಬಂದರೆ ಈ ಕಾಗದಗಳು ಸಾಲುವುದಿಲ್ಲ. ಹಿಂದೆ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ತಿಗೆ ಪಾಲಕರನ್ನು ನೇಮಿಸುವ ದಾರಿ ಇತ್ತು. ಅದರ ಬದಲಿಗೆ ಬಂದ 2017ರ ಕಾಯ್ದೆಯಲ್ಲಿ ಅದು ಇಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದಲ್ಲಿ ಪಾಲಕರನ್ನು ನೇಮಿಸುವುದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗಾಗಿ. ಮುಪ್ಪಿನ ಮರೆವು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಆದ್ದರಿಂದ ಇಂಥ ಕುಟುಂಬಗಳು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಪಾಲಕರ ನೇಮಕ ಕೋರುತ್ತವೆ. ಕೋಮಾದಲ್ಲಿರುವವರ ವಿಷಯದಲ್ಲಿ ಕೇರಳ ಹೈಕೋರ್ಟು 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಇದಕ್ಕೆ ಕ್ರಮವೊಂದನ್ನು ಹಾಕಿಕೊಟ್ಟಿತು. ವೈದ್ಯಕೀಯ ವರದಿಗಳು, ಆಸ್ತಿಯ ಪಟ್ಟಿ ಮತ್ತು ಉಳಿದ ವಾರಸುದಾರರ ಒಪ್ಪಿಗೆ ಅಲ್ಲಿ ಮುಖ್ಯವಾಗುತ್ತವೆ. ಖರ್ಚೂ ಕಾಲವೂ ಹಿಡಿಯುವ ದಾರಿಯಿದು, ಆದರೆ ಆ ಹಂತದಲ್ಲಿ ಹಳೆಯ ಜಿಪಿಎಯನ್ನೇ ಹಿಡಿದು ಮನೆ ಮಾರಲು ಹೊರಟರೆ ಮಾರಾಟವೇ ಮುಂದೆ ಬಿದ್ದುಹೋಗುವ ಅಪಾಯವಿದೆ.

ತಾಯಿಯವರ ಕಾಲಾನಂತರದ ವಿಷಯವನ್ನು ಈಗ ಬರೆಯುವುದು ಕಷ್ಟವಾದರೂ ಹೇಳಲೇಬೇಕು. ಅವರು ತೀರಿಕೊಂಡ ಗಳಿಗೆಗೆ ಜಿಪಿಎ ಮುಗಿಯುತ್ತದೆ. ಅಂತ್ಯಕ್ರಿಯೆಯ ಖರ್ಚಿಗೆಂದು ಅವರ ಎಟಿಎಂ ಕಾರ್ಡಿನಿಂದ ಪಿಂಚಣಿ ಖಾತೆಯ ಹಣ ತೆಗೆಯುವುದು ಮನೆಮನೆಯಲ್ಲೂ ನಡೆಯುತ್ತದೆ, ಆದರೆ ಅದು ನಿಮ್ಮನ್ನು ತೊಂದರೆಗೆ ಸಿಲುಕಿಸಬಲ್ಲದು. ಮರಣಾನಂತರ ಜಮೆಯಾದ ಪಿಂಚಣಿಯನ್ನು ಸರ್ಕಾರ ಮರಳಿ ಪಡೆಯುತ್ತದೆ. ಆ ಖರ್ಚಿಗೆ ಜಂಟಿ ಖಾತೆಯಲ್ಲಿ ಹಣವಿರಲಿ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ದಾಖಲೆ ಮತ್ತು ಕ್ಲೇಮ್ ಅರ್ಜಿ ಕೊಟ್ಟರೆ ನಾಮಿನಿ ಇರುವ ಖಾತೆಗೆ ಬ್ಯಾಂಕು ವಾರಸು ಪ್ರಮಾಣಪತ್ರವನ್ನೋ ಉಯಿಲಿನ ಪ್ರೊಬೇಟನ್ನೋ ಕೇಳುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳಂತೆ ದಾಖಲೆಗಳೆಲ್ಲ ಸಿಕ್ಕ 15 ದಿನಗಳೊಳಗೆ ಕ್ಲೇಮ್ ಇತ್ಯರ್ಥವಾಗಬೇಕು, ಬ್ಯಾಂಕಿನಿಂದ ತಡವಾದರೆ ಬಡ್ಡಿ ರೂಪದ ಪರಿಹಾರ ಕೊಡಬೇಕು. ನಾಮಿನಿಯೂ ಜಂಟಿ ಹೆಸರೂ ಇಲ್ಲದ ಖಾತೆಗೂ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷದವರೆಗೆ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷದವರೆಗೆ ಸರಳ ಕ್ರಮವಿದೆ. ಮರಣದ ಸುದ್ದಿಯನ್ನು ಬ್ಯಾಂಕಿಗೆ ಲಿಖಿತವಾಗಿ ತಿಳಿಸುವಾಗ, ತಮ್ಮಲ್ಲಿ ದಾಖಲಾಗಿರುವ ಅಧಿಕಾರಪತ್ರವನ್ನು ರದ್ದೆಂದು ಗುರುತಿಸಿಕೊಳ್ಳಬೇಕೆಂದು ಅದೇ ಕಾಗದದಲ್ಲಿ ಬರೆದು, ಸ್ವೀಕೃತಿ ಪಡೆದುಕೊಳ್ಳಿ.